ಗಡಿಯಾರ ಸುಮ್ಮನಿದ್ದ ಕವಲು

ನಾನು ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು, ಗಡಿಕಲ್ಲು ಹುಡುಕಿ ವಯಸ್ಸು ಕಳೆದವನು. ನಿವೃತ್ತಿಯ ದಿನ ಮಗಳು ಒಂದು ಸ್ಪೋರ್ಟ್ಸ್ ವಾಚ್ ಕಟ್ಟಿದಳು. ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ಜೊತೆಗೆ ಮೊಬೈಲ್ ಟವರ್ ಇಲ್ಲದ ಕಾಡಿನಲ್ಲೂ ದಾರಿ ಹೇಳುತ್ತದೆ ಎಂದಳು. ಮೊದಲೆರಡು ಮಾತು ನಿಜವೆಂದು ವಾರದೊಳಗೆ ಗೊತ್ತಾಯಿತು. ಮೂರನೆಯದು ಎಷ್ಟು ನಿಜ, ಎಲ್ಲಿ ನಿಜವಲ್ಲ ಎಂಬುದು ಗೊತ್ತಾಗಲು ಕುಮಾರ ಪರ್ವತವನ್ನು ಎರಡು ಸಲ ಹತ್ತಬೇಕಾಯಿತು. ಇವತ್ತಿನ ಮಾತು ಅದರದ್ದೇ.

ಕುಮಾರ ಪರ್ವತ ನಿಮಗೆಲ್ಲ ಗೊತ್ತಿರುವ ಬೆಟ್ಟ. ಕುಕ್ಕೆ ಸುಬ್ರಹ್ಮಣ್ಯದ ಪೇಟೆಯಿಂದ ನಡೆದರೆ ತುದಿಗೆ ಸುಮಾರು 13 ಕಿಲೋಮೀಟರ್, ಶಿಖರದ ಎತ್ತರ 1,712 ಮೀಟರ್. ಮೊದಲು ದಟ್ಟ ಕಾಡು, ಆಮೇಲೆ ಗಿರಿಗದ್ದೆಯ ಭಟ್ಟರ ಮನೆ ಮತ್ತು ಅರಣ್ಯ ಇಲಾಖೆಯ ತಪಾಸಣೆ, ಅಲ್ಲಿಂದ ಮೇಲೆ ಬಿಸಿಲಿಗೆ ಬಿದ್ದ ಹುಲ್ಲುಗುಡ್ಡ, ಕಲ್ಲುಮಂಟಪ, ಶೇಷಪರ್ವತ, ಮತ್ತೆ ಒಂದು ತುಂಡು ಶೋಲೆ ಕಾಡು, ಕೊನೆಗೆ ತುದಿ. ತುದಿಯಿಂದ ಪೂರ್ವಕ್ಕೆ ಇಳಿದರೆ ಕೊಡಗಿನ ಬೀದಳ್ಳಿ. ಆ ಕಡೆಯವರು ಇದೇ ಬೆಟ್ಟವನ್ನು ಪುಷ್ಪಗಿರಿ ಎನ್ನುತ್ತಾರೆ. ವಾಚಿನಲ್ಲೋ ಮ್ಯಾಪಿನಲ್ಲೋ ಕುಮಾರ ಪರ್ವತ ಎಂದು ಹುಡುಕಿ ಸಿಗದವರು ಆ ಹೆಸರನ್ನೂ ಹುಡುಕಿ ನೋಡಬೇಕು.

ಮೊದಲ ಸಲ ನನ್ನ ಜೊತೆ ಬಂದವನು ಸೋದರಳಿಯ. ಬೆಂಗಳೂರಿನ ಹುಡುಗ, ಯಂತ್ರ ಏನು ಹೇಳಿದರೂ ನಂಬುವ ಜಾತಿ. ಯಾರೋ ಹತ್ತಿ ಬಂದವರ ಜಿಪಿಎಕ್ಸ್ ಕಡತವನ್ನು ಇಳಿಸಿಕೊಂಡು ತನ್ನ ವಾಚಿಗೂ ನನ್ನದಕ್ಕೂ ಹಾಕಿದ್ದ. ಕುಕ್ಕೆಯ ಬೀದಿಗಳಲ್ಲಿ ಅದು ಚೆನ್ನಾಗಿಯೇ ಮಾತಾಡಿತು. 100 ಮೀಟರಿಗೆ ಬಲಕ್ಕೆ, 40 ಮೀಟರಿಗೆ ಎಡಕ್ಕೆ ಎಂದು ಮಣಿಕಟ್ಟಿನಲ್ಲಿ ಗುಂಯ್‌ಗುಟ್ಟುತ್ತಿತ್ತು. ಕಾಡು ಹೊಕ್ಕ ಮೇಲೆ ಸದ್ದಿಲ್ಲ. ಭಟ್ಟರ ಮನೆ ದಾಟಿ ಹುಲ್ಲುಗುಡ್ಡಕ್ಕೆ ಬಂದಾಗ ಎದುರಿಗೆ ಎರಡು ಕಾಲುದಾರಿ ಕಂಡವು. ನಾನು ನಿಂತೆ.

"ಮಾವ, ವಾಚು ಏನೂ ಹೇಳ್ತಿಲ್ಲ. ಅಂದ್ಮೇಲೆ ನೇರ ಹೋಗೋದೇ ಸರಿ," ಎಂದ.

"ನೇರ ಅಂದ್ರೆ ಯಾವುದೋ? ಎರಡೂ ನೇರವಾಗೇ ಕಾಣ್ತಿವೆ."

ಸವೆದು ಅಗಲವಾಗಿದ್ದದ್ದನ್ನೇ ಹಿಡಿದೆವು. ಅದು ದನ ಮೇಯುವ ದಾರಿ. ತುಸು ದೂರ ಹೋಗಿ, ಪಕ್ಕದ ಕಣಿವೆಯ ಕಡೆ ಇಳಿಯತೊಡಗಿದ ಮೇಲೆ ವಾಚು `Off Course` ಎಂದು ಅಲುಗಿತು. ಹಿಂದೆ ಬಂದೆವು. ದೊಡ್ಡ ಅನಾಹುತವೇನಲ್ಲ, ಒಂದು ಕಾಲು ಗಂಟೆ ಹೋಯಿತು, ಅಷ್ಟೆ. ಆದರೆ ಕುಕ್ಕೆಯ ಪೇಟೆಯಲ್ಲಿ ಅಷ್ಟು ಮಾತಾಡಿದ ಗಡಿಯಾರ ಇಲ್ಲಿ ಯಾಕೆ ಬಾಯಿಬಿಡಲಿಲ್ಲ ಎಂಬ ಪ್ರಶ್ನೆ ತಲೆಯಲ್ಲಿ ಉಳಿಯಿತು.

ಉತ್ತರ ಸರಳವಾಗಿದೆ. ವಾಚು ದಾರಿಯನ್ನು ನೋಡುವುದಿಲ್ಲ. ಅದರ ಹತ್ತಿರ ಇರುವುದು ಮೂರೇ ಸಂಗತಿ. ಉಪಗ್ರಹಗಳಿಂದ ಲೆಕ್ಕ ಹಾಕಿದ ನಿಮ್ಮ ಜಾಗ ಒಂದು, ನೀವು ಹಾಕಿಕೊಂಡ ಗೆರೆ ಇನ್ನೊಂದು, ಹೊಟ್ಟೆಯಲ್ಲಿರುವ ಮ್ಯಾಪು ಮತ್ತೊಂದು. ಗೆರೆ ಮ್ಯಾಪಿನ ದಾರಿಯ ಮೇಲೆ ಓಡುತ್ತಿದ್ದು, ಅಲ್ಲಿ ಮತ್ತೊಂದು ದಾರಿ ಬಂದು ಸೇರಿದರೆ, ಇದು ಕವಲು, ಇವರಿಗೆ ಹೇಳಬೇಕು ಎಂದು ಅದು ತೀರ್ಮಾನಿಸುತ್ತದೆ. ಪೇಟೆಯಲ್ಲಿ ಓಣಿ ಓಣಿಯೂ ಮ್ಯಾಪಿನಲ್ಲಿತ್ತು, ಹಾಗಾಗಿ ಮಾತಾಡಿತು. ಹುಲ್ಲುಗುಡ್ಡದ ಮೇಲೆ ಮ್ಯಾಪಿನಲ್ಲಿದ್ದದ್ದು ಒಂದೇ ದಾರಿ. ದನದ ದಾರಿಯನ್ನು ಯಾರೂ ಬರೆದಿರಲಿಲ್ಲ. ವಾಚಿನ ಲೆಕ್ಕದಲ್ಲಿ ಅಲ್ಲಿ ಕವಲೇ ಇಲ್ಲ, ಹೇಳುವುದಕ್ಕೇನಿದೆ? ನಮ್ಮ ಹುಡುಗ ಆ ಮೌನವನ್ನು ಒಪ್ಪಿಗೆ ಎಂದುಕೊಂಡ.

ಸರಿ, ಆಮೇಲಾದರೂ ತಕ್ಷಣ ಎಚ್ಚರಿಸಬಾರದಿತ್ತೇ ಎಂದು ನೀವು ಕೇಳಬಹುದು. ಇಲ್ಲಿ ಸರ್ವೆಯವನ ಲೆಕ್ಕ ಒಂದಿಷ್ಟು ಬೇಕು. ಬಯಲಿನಲ್ಲಿ ವಾಚಿನ ಜಿಪಿಎಸ್ ನಾಲ್ಕೈದು ಮೀಟರಿನಷ್ಟು ಆಚೀಚೆ ಇರುವುದು ಸಾಮಾನ್ಯ. ದಟ್ಟ ಮರಗಳ ಕೆಳಗೆ, ಕಡಿದಾದ ಬೆಟ್ಟದ ಮಗ್ಗುಲಲ್ಲಿ ಅದು ಹದಿನೈದು ಇಪ್ಪತ್ತಕ್ಕೂ ಏರುತ್ತದೆ. ಅಷ್ಟಕ್ಕೇ ದಾರಿ ತಪ್ಪಿದಿರಿ ಎಂದು ಕೂಗಿದರೆ ಇಡೀ ದಿನ ಕೂಗುತ್ತಲೇ ಇರಬೇಕಾಗುತ್ತದೆ. ಅದಕ್ಕೇ ಗೆರೆಯಿಂದ ಅದಕ್ಕಿಂತ ಚೆನ್ನಾಗಿ ದೂರ ಸರಿದ ಮೇಲೆಯೇ ಅದು ಬಾಯಿಬಿಡುವುದು. ಈಗ ಎರಡು ದಾರಿ 15 ಡಿಗ್ರಿಯ ಕಿರುಕೋನದಲ್ಲಿ ಕವಲೊಡೆದಿವೆ ಎನ್ನಿ. ತಪ್ಪು ದಾರಿಯಲ್ಲಿ 100 ಮೀಟರ್ ನಡೆದಾಗಲೂ ಎರಡರ ನಡುವಿನ ಅಂತರ 26 ಮೀಟರ್ ಮಾತ್ರ. ಜಿಪಿಎಸ್‌ನ ಸ್ವಂತ ತಪ್ಪಿಗೂ ನಿಮ್ಮ ತಪ್ಪಿಗೂ ವ್ಯತ್ಯಾಸ ಹಿಡಿಯಲು ವಾಚಿಗೆ ಆಗುವುದಿಲ್ಲ. ಕೋನ ದೊಡ್ಡದಾದಷ್ಟೂ ಬೇಗ ಹಿಡಿಯುತ್ತದೆ. ಕಾಡಿನ ಕವಲುಗಳೋ ಹೆಚ್ಚಿನವು ಕಿರುಕೋನದವೇ. ದನವಾಗಲಿ ಮನುಷ್ಯನಾಗಲಿ ಬೆಟ್ಟದಲ್ಲಿ ಲಂಬಕೋನಕ್ಕೆ ತಿರುಗುವುದು ಕಡಿಮೆ.

ಹಾಗಾದರೆ ಕವಲಿನಲ್ಲಿ ವಾಚು ಮಾತಾಡಬೇಕಾದರೆ ನಾವೇ ಅದರ ಬಾಯಿಗೆ ಮಾತು ಹಾಕಿ ಕಳಿಸಬೇಕು. ಎರಡನೆಯ ಸಲ ಹೊರಡುವ ಮುಂಚೆ ಒಂದು ಭಾನುವಾರ ಪೂರ್ತಿ ಊಟದ ಮೇಜಿನ ಮೇಲೆ ಕೂತು ಮಾಡಿದ ಕೆಲಸ ಅದು.

ಮೊದಲು ಗೆರೆಯನ್ನು ತೊಳೆದೆವು. ಬೇರೆಯವರು ನಡೆದು ದಾಖಲಿಸಿದ ಗೆರೆ ಚೊಕ್ಕಟವಾಗಿರುವುದಿಲ್ಲ. ಅವರು ಊಟಕ್ಕೆ ಕೂತಲ್ಲಿ ಜಿಪಿಎಸ್ ಅತ್ತಿತ್ತ ಅಲೆದು ಹಕ್ಕಿಗೂಡಿನ ಹಾಗೆ ಗೋಜಲಾಗಿರುತ್ತದೆ. ಅವರು ನೀರಿಗೆಂದು ಪಕ್ಕಕ್ಕೆ ಇಳಿದು ಬಂದದ್ದೂ ಗೆರೆಯೇ, ದಾರಿ ತಪ್ಪಿ ವಾಪಸಾದದ್ದೂ ಗೆರೆಯೇ. ಇದನ್ನೆಲ್ಲ ಉಪಗ್ರಹ ಚಿತ್ರದ ಮೇಲೆ ಹರಡಿ ನೋಡಿದರೆ ಹುಲ್ಲುಗುಡ್ಡದ ಭಾಗದಲ್ಲಿ ದಾರಿ ಬಿಳಿಯ ದಾರದ ಹಾಗೆ ಕಾಣುತ್ತದೆ, ಗೆರೆ ಎಲ್ಲಿ ಅದನ್ನು ಬಿಟ್ಟಿದೆ ಎಂದು ತಿಳಿಯುತ್ತದೆ. ಕಾಡಿನ ಭಾಗದಲ್ಲಿ ಮರದ ತಲೆಗಳಷ್ಟೇ ಕಾಣುವುದರಿಂದ ಅಲ್ಲಿ ಎರಡು ಮೂರು ಜನರ ಗೆರೆಗಳನ್ನು ಒಂದರ ಮೇಲೊಂದು ಇಟ್ಟು, ಮೂವರೂ ಒಪ್ಪುವ ಜಾಡನ್ನು ಹಿಡಿದೆವು. ಗಡಿ ತಕರಾರಿನಲ್ಲಿ ಮೂರು ಸಾಕ್ಷಿ ಕೇಳುವ ಅಭ್ಯಾಸ ನನಗೆ ಇದ್ದೇ ಇದೆ.

ಆಮೇಲೆ ಗೆರೆಯನ್ನು ಎರಡು ತುಂಡು ಮಾಡಿ `KP-UP`, `KP-DOWN` ಎಂದು ಬೇರೆ ಬೇರೆ ಹೆಸರು ಕೊಟ್ಟೆ. ಹೋದ ದಾರಿಯಲ್ಲೇ ಹಿಂದಿರುಗುವ ಚಾರಣದಲ್ಲಿ ಹೋಗುವ ಗೆರೆಯೂ ಬರುವ ಗೆರೆಯೂ ಒಂದರ ಮೇಲೊಂದು ಕೂತಿರುತ್ತವೆ. ನೀವು ಇನ್ನೂ ಹತ್ತುತ್ತಿರುವಾಗಲೇ ವಾಚು ಇಳಿಯುವ ಗೆರೆಗೆ ಹಾರಿಬಿಡುವುದುಂಟು. ಉಳಿದ ದೂರ 20 ಕಿಲೋಮೀಟರ್ ಇದ್ದದ್ದು ಇದ್ದಕ್ಕಿದ್ದ ಹಾಗೆ 6 ಆಗಿ ಕಂಡರೆ ಅದೇ ಆಗಿರುತ್ತದೆ. ತುದಿಯಲ್ಲಿ ಹತ್ತುವ ಗೆರೆಯನ್ನು ಮುಗಿಸಿ ಇಳಿಯುವ ಗೆರೆಯನ್ನು ಹೊಸದಾಗಿ ಶುರು ಮಾಡಿದರೆ ಈ ಗೊಂದಲವೇ ಇಲ್ಲ.

ಇನ್ನು ಮುಖ್ಯ ಕೆಲಸ, ಕವಲುಗಳಿಗೆ ಗುರುತು ಹಾಕುವುದು. ಬರಿಯ ಜಿಪಿಎಕ್ಸ್ ಕಡತದಲ್ಲಿ ಸಾಮಾನ್ಯವಾಗಿ ಗೆರೆ ಮಾತ್ರ ಇರುತ್ತದೆ, ಎಡಬಲದ ಮಾತು ಇರುವುದಿಲ್ಲ. ವಾಚಿನ ಕಂಪನಿಯ ಆ್ಯಪ್ ಅಥವಾ ಜಾಲತಾಣದಲ್ಲಿ ಆ ಗೆರೆಯನ್ನು ತೆರೆದು, ಬೇಕಾದ ಕಡೆ ಬಿಂದು ಇಟ್ಟು, ಎಡ, ಬಲ, ನೀರು, ಅಪಾಯ ಎಂದು ಬಗೆ ಆರಿಸಬಹುದು. ಗಾರ್ಮಿನ್‌ನವರು ಇದನ್ನು `Course Point` ಎನ್ನುತ್ತಾರೆ, ಬೇರೆಯವರು ಬೇರೆ ಹೆಸರು ಇಟ್ಟಿದ್ದಾರೆ. ಬಿಂದುವನ್ನು ಕವಲಿನ ನೆತ್ತಿಯ ಮೇಲೆ ಇಡಬೇಡಿ. ಜಿಪಿಎಸ್ ಇಪ್ಪತ್ತು ಮೀಟರ್ ತಪ್ಪಿದರೆ ನೀವು ಕವಲು ದಾಟಿದ ಮೇಲೆ ವಾಚು ಎಚ್ಚರಗೊಳ್ಳುತ್ತದೆ. ನಾನು 30, 40 ಮೀಟರ್ ಮುಂಚೆಯೇ ಇಟ್ಟೆ. ಇಳಿಯುವ ಗೆರೆಗೂ ಬೇರೆಯಾಗಿ ಇಟ್ಟೆ, ಹತ್ತುವಾಗಿನ ಬಲ ಇಳಿಯುವಾಗ ಎಡವಾಗುತ್ತದೆಯಲ್ಲ. ಹೆಸರನ್ನು ಕನ್ನಡದಲ್ಲಿ ಬರೆಯುವ ಆಸೆ ನನಗಿತ್ತು. ನನ್ನ ವಾಚು ಕನ್ನಡದ ಜಾಗದಲ್ಲಿ ಖಾಲಿ ಚೌಕಗಳನ್ನು ತೋರಿಸಿತು. ಕೊನೆಗೆ `L-MANTAPA`, `R-DANA` ಎಂದು ಹತ್ತು ಅಕ್ಷರದೊಳಗೆ ಮುಗಿಸಿದೆ, ಉದ್ದವಾದರೆ ಬಾಲ ಕತ್ತರಿಸಿ ಹೋಗುತ್ತದೆ. ಒಟ್ಟು ಹತ್ತಲು ಒಂಬತ್ತು ಬಿಂದು, ಇಳಿಯಲು ಹನ್ನೊಂದು. ಇಳಿಯುವಾಗ ಹೆಚ್ಚು ಯಾಕೆಂದರೆ ದಣಿದವನು ಕಾಲು ಎಳೆದ ಕಡೆ ಹೋಗುತ್ತಾನೆ.

ಮ್ಯಾಪ್ ತುಂಬಿಸುವುದು ಇದರಷ್ಟು ಕಷ್ಟವಲ್ಲ, ಆದರೆ ಸಮಯ ತಿನ್ನುತ್ತದೆ. ಎಲ್ಲ ಸ್ಪೋರ್ಟ್ಸ್ ವಾಚಿಗೂ ಮ್ಯಾಪ್ ಇರುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಕಡಿಮೆ ಬೆಲೆಯವು ಖಾಲಿ ಪರದೆಯ ಮೇಲೆ ಗೆರೆ ಮತ್ತು ಬಾಣ ತೋರಿಸುತ್ತವೆ, ಅಷ್ಟೆ. ಅಂಥವು ಮ್ಯಾಪಿನಿಂದ ತಿರುವು ಲೆಕ್ಕ ಹಾಕಲಾರವು, ನೀವು ಇಟ್ಟ ಬಿಂದುಗಳೇ ಅವುಗಳಿಗೆ ಆಧಾರ. ಮ್ಯಾಪ್ ಇರುವ ಗಾರ್ಮಿನ್ ವಾಚಿನಲ್ಲಿ `Map Manager` ಎಂಬಲ್ಲಿಗೆ ಹೋಗಿ, ಮನೆಯ ವೈಫೈಗೆ ಸೇರಿಸಿ, ಪ್ರದೇಶ ಆರಿಸಿ ಇಳಿಸಬೇಕು. ಸೂಂಟೊದಲ್ಲಿ ಪ್ರದೇಶವನ್ನು ಫೋನಿನ ಆ್ಯಪ್‌ನಲ್ಲಿ ಆರಿಸಿ, ವಾಚನ್ನು ಚಾರ್ಜಿಗೆ ಹಾಕಿದರೆ ಅದೇ ವೈಫೈನಲ್ಲಿ ಎಳೆದುಕೊಳ್ಳುತ್ತದೆ. ದೊಡ್ಡ ಪ್ರದೇಶವಾದರೆ ಹಲವು ಜಿಬಿ, ವಾಚಿನ ವೈಫೈ ಬಡಪಾಯಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದೇ ಸರಿ. ಬಸ್ಸು ಹತ್ತುವ ಸಂಜೆ ಶುರು ಮಾಡಿದವರು ಅರ್ಧಕ್ಕೆ ನಿಂತ ಮ್ಯಾಪ್ ಹೊತ್ತು ಹೋಗುತ್ತಾರೆ.

ಅರ್ಧಕ್ಕೆ ನಿಂತದ್ದು ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ, ಇದೇ ಮೋಸ. ವಾಚಿನೊಳಗೆ ಹುಟ್ಟಿನಿಂದಲೇ ಒಂದು ತೆಳುವಾದ ಮೂಲ ಮ್ಯಾಪ್ ಇರುತ್ತದೆ. ದೂರದಿಂದ ನೋಡಿದರೆ ಸುಬ್ರಹ್ಮಣ್ಯದ ಹೆಸರು, ಒಂದೆರಡು ದೊಡ್ಡ ರಸ್ತೆ ಎಲ್ಲ ಕಂಡು, ಮ್ಯಾಪ್ ಬಂದಿದೆ ಎನಿಸುತ್ತದೆ. ಪರೀಕ್ಷೆ ಹೀಗೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಪಕ್ಕದ ಕೋಣೆಯಲ್ಲಿಡಿ. ವಾಚಿನಲ್ಲಿ ಮ್ಯಾಪ್ ತೆರೆದು ಗಿರಿಗದ್ದೆಯ ಮೇಲಕ್ಕೆ ಸರಿಸಿ ಹಿಗ್ಗಿಸಿ. ಸಮೋನ್ನತ ರೇಖೆಗಳು ಒತ್ತೊತ್ತಾಗಿ ಕಂಡು, ಅವುಗಳ ನಡುವೆ ಕಾಲುದಾರಿಯ ಚುಕ್ಕಿಗೆರೆ ಕಂಡರೆ ಮ್ಯಾಪ್ ಇದೆ. ಹಿಗ್ಗಿಸಿದಷ್ಟೂ ಬಣ್ಣದ ಬಯಲೇ ಕಂಡರೆ ಇಲ್ಲ.

ಅದೇ ಹೊತ್ತಿನಲ್ಲಿ ಇನ್ನೊಂದು ಗುಂಡಿಯನ್ನು ಹುಡುಕಿ ಆಫ್ ಮಾಡಿಟ್ಟೆ. ದಾರಿ ತಪ್ಪಿದಾಗ ತಾನಾಗಿ ಹೊಸ ದಾರಿ ಲೆಕ್ಕ ಹಾಕುವ ಸೌಲಭ್ಯ ಕೆಲವು ವಾಚುಗಳಲ್ಲಿದೆ. ಕಾರಿಗೆ ಅದು ಒಳ್ಳೆಯದು. ಬೆಟ್ಟದಲ್ಲಿ ಅದು ತನಗೆ ಗೊತ್ತಿರುವ ದಾರಿಗಳಲ್ಲೇ ಹುಡುಕುತ್ತದೆ. ಮ್ಯಾಪಿನಲ್ಲಿ ಕಾಲುದಾರಿ ಎಲ್ಲಾದರೂ ತುಂಡಾಗಿದ್ದರೆ ಕೆಳಗಿನ ಡಾಂಬರು ರಸ್ತೆಯನ್ನೇ ಹಿಡಿಸಿ, ಬಿಸಿಲೆ ಘಾಟಿ ಸುತ್ತಿಸಿ ಕುಕ್ಕೆಗೆ ಕರೆದೊಯ್ಯಲು ನೋಡುತ್ತದೆ. ಮೊದಲ ಸಲ ನಮಗೆ ಹಾಗೇ ಆಗಿ, ಉಳಿದ ದೂರ ಒಮ್ಮೆಗೇ ನಾಲ್ಕೈದು ಪಟ್ಟಾಗಿ ಅಳಿಯ ಬೆಚ್ಚಿಬಿದ್ದಿದ್ದ.

ಸಿಗ್ನಲ್ ಇಲ್ಲದ ಕಡೆ ವಾಚು ಜಾಗ ಹೇಗೆ ಕಂಡುಹಿಡಿಯುತ್ತದೆ ಎಂದು ನನ್ನ ಮನೆಯವರು ಈಗಲೂ ಕೇಳುತ್ತಾರೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿವೆ. ಅವಕ್ಕೂ ಮೊಬೈಲ್ ಟವರಿಗೂ ನಂಟಿಲ್ಲ. ಟವರಿನ ಕೆಲಸ ಬೇರೆ. ಯಾವ ಉಪಗ್ರಹ ಯಾವಾಗ ಎಲ್ಲಿರುತ್ತದೆ ಎಂಬ ಪಂಚಾಂಗವನ್ನು ಫೋನು ಇಂಟರ್‌ನೆಟ್ಟಿನಿಂದ ತಂದು ವಾಚಿಗೆ ಕೊಡುತ್ತದೆ, ಅದಿದ್ದರೆ ಸೆಕೆಂಡುಗಳಲ್ಲಿ ಜಾಗ ಸಿಗುತ್ತದೆ. ಪಂಚಾಂಗ ಹಳೆಯದಾಗಿದ್ದರೆ ವಾಚು ಪ್ರತಿ ಉಪಗ್ರಹದ ಬಾಯಿಂದಲೇ ಕೇಳಿಸಿಕೊಳ್ಳಬೇಕು. ಉಪಗ್ರಹ ಒಂದು ಸಲ ತನ್ನ ವಿವರ ಹೇಳಿ ಮುಗಿಸಲು 30 ಸೆಕೆಂಡು ಬೇಕು. ಮರದ ಕೆಳಗೆ ನಡುವೆ ಒಂದು ಮಾತು ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ಅದಕ್ಕೇ ಹೊರಡುವ ಹಿಂದಿನ ರಾತ್ರಿ ಸಿಗ್ನಲ್ ಇರುವಲ್ಲಿ ಫೋನಿಗೂ ವಾಚಿಗೂ ಒಮ್ಮೆ ಸಿಂಕ್ ಮಾಡಿದೆವು. ಬೆಳಿಗ್ಗೆ ಕುಕ್ಕೆಯಲ್ಲಿ ಆಕಾಶ ಬಿಚ್ಚಿಕೊಂಡ ಕಡೆ ಐದು ನಿಮಿಷ ನಿಂತು, ಆಮೇಲೆ ಕಾಡು ಹೊಕ್ಕೆವು. ಕಾಡಿನ ಬಾಯಲ್ಲಿ ಗುಂಡಿ ಒತ್ತಿ ನಡೆದೇಬಿಟ್ಟ ಹುಡುಗರ ಗುಂಪೊಂದು ಮೊದಲ ಕಿಲೋಮೀಟರ್ ಪೂರ್ತಿ ತಮ್ಮ ಬಾಣ ಹೊಳೆಯಲ್ಲಿ ಈಜುತ್ತಿದೆ ಎಂದು ನಗುತ್ತಿತ್ತು.

ಅಂದಹಾಗೆ, ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಂಡು ಹೋಗಬೇಕಾದ ಚಾರಣ ಇದು. ಟಿಕೆಟಿನ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಗಿರಿಗದ್ದೆಯಲ್ಲಿ ಅದನ್ನು ತೆರೆಯಲು ಸಿಗ್ನಲ್ ಹುಡುಕುತ್ತ ಕೈ ಎತ್ತಿ ತಿರುಗುವವರನ್ನು ನೋಡಿದ್ದೇನೆ.

ಎರಡನೆಯ ಸಲ ಹುಲ್ಲುಗುಡ್ಡದ ಆ ಕವಲಿಗೆ ಮುಂಚೆ ವಾಚು ಅಲುಗಿ `R-DANA` ಎಂದಿತು. ಬಲಗಡೆಯದು ದನದ ದಾರಿ ಎಂದು ನಾನೇ ಬರೆದದ್ದು. ಅಳಿಯ ಕೂಡಲೇ ಬಲಕ್ಕೆ ತಿರುಗಿದ.

"ಎಲ್ಲಿಗೋ?"

"R ಅಂತಿದೆಯಲ್ಲ ಮಾವ, ರೈಟು."

ತಪ್ಪು ನನ್ನದೇ. ಬಿಡಬೇಕಾದ ದಾರಿಯ ಹೆಸರನ್ನು ಬರೆದಿದ್ದೆ, ಹಿಡಿಯಬೇಕಾದದ್ದನ್ನಲ್ಲ. ಇಂಥ ಬಿಂದುವಿಗೆ ಹೆಸರಿಡುವಾಗ ಹೋಗಬೇಕಾದ ದಿಕ್ಕನ್ನೇ ಬರೆಯಿರಿ. ಬರೆದವನು ಜೊತೆಗಿಲ್ಲದಾಗ ಓದುವವನು ಏನು ಮಾಡುತ್ತಾನೆ ಎಂದು ಯೋಚಿಸಿ ಬರೆಯಿರಿ. ಆ ರಾತ್ರಿ ಅದನ್ನು `GO LEFT` ಎಂದು ತಿದ್ದಿದೆ.

ಶೇಷಪರ್ವತ ದಾಟುವಾಗ ಮಂಜು ಕವಿಯಿತು. ತುದಿ ಮುಟ್ಟಿದಾಗ ಇಪ್ಪತ್ತು ಹೆಜ್ಜೆ ಆಚೆ ಏನೂ ಕಾಣದು. ಈ ಬೆಟ್ಟದ ತುದಿ ಚೂಪಾಗಿಲ್ಲ, ಒಂದು ಅಂಗಳದಂತಿದೆ. ಜನ ಓಡಾಡಿ ಎಲ್ಲ ಕಡೆಯೂ ದಾರಿಯ ಹಾಗೆ ಸವೆದಿದೆ. ಪಶ್ಚಿಮಕ್ಕೆ ಇಳಿದರೆ ಕುಕ್ಕೆ, ಪೂರ್ವಕ್ಕೆ ಇಳಿದರೆ ಬೀದಳ್ಳಿ. ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿ, ಬುತ್ತಿ ಬಿಚ್ಚಿ ಉಂಡು ಎದ್ದಾಗ ಬಂದದ್ದು ಯಾವ ಕಡೆಯಿಂದ ಎಂಬುದೇ ಮರೆತಿತ್ತು.

ಇಳಿಯುವ ಗೆರೆ ಶುರು ಮಾಡಿದೆ. ವಾಚಿನ ಬಾಣ ಒಮ್ಮೆ ಹಾಗೆ, ಒಮ್ಮೆ ಹೀಗೆ ತಿರುಗಿತು. ಇದಕ್ಕೆ ಹೆದರಬಾರದು. ನಿಂತಲ್ಲೇ ನಿಂತವನ ದಿಕ್ಕು ಜಿಪಿಎಸ್‌ಗೆ ಗೊತ್ತಾಗುವುದಿಲ್ಲ, ಎರಡು ಜಾಗಗಳ ನಡುವಿನ ಚಲನೆಯಿಂದಲೇ ಅದು ದಿಕ್ಕು ಎಣಿಸುವುದು. ನಿಂತಾಗ ವಾಚಿನೊಳಗಿನ ದಿಕ್ಸೂಚಿಯೇ ಗತಿ. ಅದನ್ನು ಗಾಳಿಯಲ್ಲಿ ಎಂಟರ ಆಕಾರಕ್ಕೆ ಆಡಿಸಿ ಸರಿಮಾಡಿಕೊಳ್ಳದಿದ್ದರೆ ಅದೂ ಸುಳ್ಳು ಹೇಳುತ್ತದೆ. ನಾನು ಆಡಿಸಿದೆ. 270ರ ಆಸುಪಾಸು, ಅಂದರೆ ಪಶ್ಚಿಮ, ಯಾವ ಕಡೆ ಎಂದು ನೋಡಿಕೊಂಡು ಆ ಕಡೆಗೆ ಸುಮಾರು 30 ಹೆಜ್ಜೆ ನಿಲ್ಲದೆ ನಡೆದೆ. ಬಾಣ ನೆಟ್ಟಗಾಗಿ ಗೆರೆಯ ಮೇಲೆ ಕೂತಿತು, ಉಳಿದ ದೂರ 13.1 ಇದ್ದದ್ದು 13.0 ಆಯಿತು. ಈ ಅಂಕಿ ಇಳಿಯುತ್ತಿದ್ದರೆ ಸರಿ ಕಡೆ ಹೊರಟಿದ್ದೀರಿ. ನಿಂತೇ ಇದ್ದರೆ ಅಥವಾ ಏರಿದರೆ ಬಾಣ ಏನೇ ತೋರಲಿ, ಹಿಂದೆ ಬನ್ನಿ.

ಹನಿ ಶುರುವಾಯಿತು. ಮುಟ್ಟಿದರೆ ಕೆಲಸ ಮಾಡುವ ಪರದೆಗೆ ಮಳೆಹನಿಯೂ ಬೆರಳೇ. ಮ್ಯಾಪ್ ತಾನಾಗಿ ಸರಿದು ಎಲ್ಲಿಗೋ ಹೋಯಿತು. ಪರದೆಯ ಸ್ಪರ್ಶಕ್ಕೆ ಬೀಗ ಹಾಕಿ ಗುಂಡಿಗಳನ್ನೇ ಒತ್ತುತ್ತ ಇಳಿದೆವು. ಶೋಲೆಯೊಳಗೆ ಗೆರೆಗೂ ನಮಗೂ 15 ಮೀಟರ್ ಅಂತರ ಕಂಡಿತು, ಕಾಲಡಿಯ ದಾರಿ ಸ್ಪಷ್ಟವಾಗಿತ್ತು, ಕಾಲನ್ನೇ ನಂಬಿದೆವು. ಕತ್ತಲಿಗೆ ಮುಂಚೆ ಕುಕ್ಕೆ ಸೇರಿದಾಗ ವಾಚಿನಲ್ಲಿ ಬ್ಯಾಟರಿ ಅರ್ಧಕ್ಕಿಂತ ಮೇಲಿತ್ತು. ಸದಾ ಮ್ಯಾಪ್ ತೆರೆದಿಟ್ಟು ನಡೆದ ಅಳಿಯನದು ಕಾಲು ಭಾಗಕ್ಕೆ ಬಂದಿತ್ತು.

ಊರಿಗೆ ಬಂದು ವಾರವಾದ ಮೇಲೆ ಅವನೇ ಫೋನ್ ಮಾಡಿದ. ಇಂಥ ಎಷ್ಟೋ ವಾಚುಗಳ ಮ್ಯಾಪಿನ ಮೂಲ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದಾದದ್ದು.

"ಮಾವ, ನಮ್ಮ ದಾರಿ ಅದರಲ್ಲಿ ಆಗಲೇ ಇದೆ. ಸೇರಿಸೋಕೆ ಏನೂ ಇಲ್ಲ," ಎಂದ.

"ನಮ್ಮ ದಾರಿ ಬಿಡು, ದನದ ದಾರಿ ಬರಿ."

"ತಪ್ಪು ದಾರಿನಾ?"

ಅದನ್ನು ಬರೆಯದೆ ಹೋದರೆ ವಾಚಿಗೆ ಅಲ್ಲಿ ಕವಲು ಇದೆ ಎಂದು ಗೊತ್ತಾಗುವುದೇ ಇಲ್ಲ. ನಮ್ಮ ಎರಡು ಸಲದ ಗೆರೆಗಳನ್ನು ಉಪಗ್ರಹ ಚಿತ್ರದ ಮೇಲಿಟ್ಟು, ನಾವು ತಪ್ಪಿ ನಡೆದಷ್ಟು ಉದ್ದವನ್ನು ಅವನು ಬರೆದ. ಯಾರೂ ಅದನ್ನು ಚಾರಣದ ದಾರಿ ಎಂದುಕೊಳ್ಳಬಾರದೆಂದು `informal=yes` ಎಂಬ ಪಟ್ಟಿಯನ್ನೂ ಅಂಟಿಸಿದ. ಅವನು ಬರೆದದ್ದು ಕೂಡಲೇ ವಾಚಿಗೆ ಬರುವುದಿಲ್ಲ, ಕಂಪನಿಯವರು ಮುಂದಿನ ಆವೃತ್ತಿ ಕಟ್ಟಿ ಬಿಡುವ ತನಕ ಕಾಯಬೇಕು. ನಾನು ತಿಂಗಳಿಗೊಮ್ಮೆ ವಾಚನ್ನು ಚಾರ್ಜಿಗೆ ಹಾಕಿ, ಮ್ಯಾಪ್ ಹೊಸದು ಬಂದಿದೆಯೇ ಎಂದು ನೋಡುತ್ತೇನೆ. ಗಿರಿಗದ್ದೆಯ ಮೇಲಕ್ಕೆ ಸರಿಸಿ ಹಿಗ್ಗಿಸುತ್ತೇನೆ. ಈವರೆಗೂ ಅಲ್ಲಿ ಒಂದೇ ಚುಕ್ಕಿಗೆರೆ ಇದೆ.